ಕಾಜಾ ಮಷೀನಿನ ಸಾಲ

ಕೌಲ್ ಬಜಾರಿನ ಗೋವರ್ಧನ ಸಿಂಪಿ ಬ್ಯಾಂಕಿಗೆ ಕೊಟ್ಟ ಸಾಲದ ಅರ್ಜಿಯಲ್ಲಿ ಎಮ್ಮೆಗಳಿದ್ದವು.

ಅವನು ಕೇಳಿದ್ದು ಜೀನ್ಸ್ ಪ್ಯಾಂಟಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹೊಡೆಯುವ ಮಷೀನು, ಗುಂಡಿ ಕೂರಿಸುವ ಮಷೀನು, ಎರಡಕ್ಕೆ ಸಾಲ. ಪ್ರಾಜೆಕ್ಟ್ ರಿಪೋರ್ಟ್ ಬೇಕೆಂದಾಗ ಝೆರಾಕ್ಸ್ ಅಂಗಡಿಯ ಜಿಲಾನಿ, ಹಿಂದೆ ಯಾರದೋ ಡೇರಿಗೆ ಮಾಡಿಕೊಟ್ಟಿದ್ದನ್ನೇ ಹೆಸರು ಬದಲಿಸಿ ಕೊಟ್ಟಿದ್ದ. ಮೊದಲ ಎರಡು ಪುಟ ತಿದ್ದಿದ್ದ, ಮೂರನೆಯದನ್ನು ಮರೆತಿದ್ದ.

ಸಾಲದ ವಿಭಾಗದ ಅಧಿಕಾರಿ ಸುಚರಿತಾ ಮೊಹಾಂತಿ ಒಡಿಶಾದವಳು. ಬಳ್ಳಾರಿಗೆ ಬಂದ ಮೇಲೆ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದಳು. ಮೂರನೆಯ ಪುಟವನ್ನು ಅವಳು ನಗದೆ ಓದಿದಳು.

"ಗೋವರ್ಧನ ಅವರೇ, ನಿಮ್ಮ ಘಟಕದಲ್ಲಿ ಎಮ್ಮೆಗಳು ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತವೆ ಎಂದಿದೆ. ಅವು ಕಾಜಾ ಕೂಡ ಹೊಡೆಯುತ್ತವೆಯೇ?"

ಗೋವರ್ಧನ ಕಾಗದವನ್ನು ನೋಡಿದ, ಮೇಡಂ ಮುಖ ನೋಡಿದ. "ಜಿಲಾನಿ ಹುಡುಗ ಸ್ವಲ್ಪ ಅವಸರ ಮಾಡ್ಯಾನ್ರಿ ಮೇಡಂ" ಎಂದ.

ಮನೆಗೆ ಬಂದವನು ಹೆಂಡತಿ ರುಕ್ಮಾಬಾಯಿಯ ಮುಂದೆ ಎಮ್ಮೆಯ ಸುದ್ದಿ ಎತ್ತಲಿಲ್ಲ. "ಎಲ್ಲಾ ಸುಳ್ಳು ಯೋಜನೆ. ಅಡಮಾನ ಬ್ಯಾಡ ಅಂತ ಗ್ವಾಡಿ ಮ್ಯಾಲೆ ಬರೀತಾರ, ಒಳಗ ಹೋದ್ರ ಮನಿ ಪತ್ರ ಕೇಳ್ತಾರ" ಎಂದ. ಗೋವರ್ಧನ ಸುಳ್ಳುಗಾರನಲ್ಲ. ಆದರೆ ಟೇಲರ್ ನೋಡಿ, ನಿಜ ಮೈಗೆ ಸರಿಯಾಗಿ ಕೂರದಿದ್ದರೆ ಸ್ವಲ್ಪ ಒಳಗೆ ಹಿಡಿದು ಹೊಲಿಯುತ್ತಿದ್ದ.

ರುಕ್ಮಾಬಾಯಿ ಪ್ಯಾಂಟಿನ ಜೇಬಿಗೆ ಹೊಲಿಗೆ ಹಾಕುತ್ತಿದ್ದವಳು ಪೆಡಲಿನಿಂದ ಕಾಲು ತೆಗೆದಳು.

"ಮನಿ ಪತ್ರ ಕೇಳಿದ್ರಾ? ಇದು ಗೌರಕ್ಕನ ಮನಿ, ನಾವು ಬಾಡಿಗಿಗೆ ಅದೀವಿ ಅಂತ ಹೇಳಬೇಕಿಲ್ಲ?"

"ಹೇಳಿದೆ."

"ಅದಕ್ಕ ಏನಂದ್ರು?"

"ಏನಂತಾರ? ಇಂಗ್ಲಿಷಿನ್ಯಾಗ ಏನೋ ಅಂದ್ರು."

"ಆ ಮೇಡಂ ನಮ್ಮ ಓಣಿಯ ಸಂಘದ ಹೆಂಗಸರ ಜೋಡಿ ಕನ್ನಡದಾಗ ಮಾತಾಡ್ತಾಳ. ನಿಮ್ಮ ಜೋಡಿ ಮಾತ್ರ ಇಂಗ್ಲಿಷ್ ಯಾಕ? ನಿಮ್ಮ ಮುಖ ಕಲೆಕ್ಟರಂಗ ಕಾಣಸ್ತೇನು? ನಾಳೆ ನಾನೂ ಬರ್ತೀನಿ."

ಅವಳಿಗೆ ಈ ಮಷೀನು ಬೇಕೇ ಬೇಕಾಗಿತ್ತು. ಮನೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಗಂಡ ಹೆಂಡತಿ ಪ್ಯಾಂಟು ಹೊಲಿದು ಮುಗಿಸಿದರೂ, ಕಾಜಾ ಹೊಡೆಸಲು ಗಂಟು ಕಟ್ಟಿಕೊಂಡು ದೂರದ ಹುಲಗಪ್ಪನ ಅಂಗಡಿಗೆ ಹೋಗಬೇಕು. ಅವನು ದೊಡ್ಡ ಫ್ಯಾಕ್ಟರಿಯವರ ಮಾಲು ಮೊದಲು ಮಾಡಿ, ಇವಳ ಗಂಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನು ಕೂರುವುದಕ್ಕೆ ಅವಳ ಆಕ್ಷೇಪವಿರಲಿಲ್ಲ, ಚಹಾ ಚೆಲ್ಲುವುದಕ್ಕಿತ್ತು.

ಮರುದಿನ ಬ್ಯಾಂಕಿನಲ್ಲಿ ಗೋವರ್ಧನ ಹೆಂಡತಿಯ ಹಿಂದೆ ನಿಂತ.

"ಮೇಡಂ, ಸಾಲ ಯಾಕ ಆಗಲಿಲ್ಲ ಅಂತ ಕಾಗದದ ಮ್ಯಾಲೆ ಬರದು ಕೊಡ್ರಿ. ಅಡಮಾನ ಬೇಕು ಅಂದ್ರಂತಲ್ಲ, ಅದನ್ನೂ ಬರೀರಿ."

"ಅಡಮಾನವೇ?" ಸುಚರಿತಾ ಗೋವರ್ಧನನತ್ತ ಬಗ್ಗಿ ನೋಡಿದಳು. "ನೀವು ಕೇಳಿದ ಈ ಮುದ್ರಾ ಸಾಲಕ್ಕೆ ಮನೆ, ಚಿನ್ನ, ಹೊಲ ಏನೂ ಬೇಡ. ಯಾರಾದರೂ ಕಟ್ಟದೆ ಹೋದರೆ ಬ್ಯಾಂಕಿನ ನಷ್ಟ ತುಂಬಲು ಸರಕಾರದ ಗ್ಯಾರಂಟಿ ನಿಧಿ ಇದೆ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ಸಾಲ ನೀವೇ ತೀರಿಸಬೇಕು. ಕಾರಣ ಬರೆದು ಕೊಡುವುದು ನಮ್ಮ ಕರ್ತವ್ಯ, ಕೊಡುತ್ತೇನೆ. ಮೊದಲು ಇವರೇ ಹೇಳಲಿ. ನಿನ್ನೆ ಎಲ್ಲವನ್ನೂ ಇವರಿಗೆ ವಿವರಿಸಿದ್ದೇನೆ."

ಗೋವರ್ಧನ ಫ್ಯಾನು ನೋಡಿದ. ಫ್ಯಾನು ಸಹಾಯಕ್ಕೆ ಬರಲಿಲ್ಲ.

ಎಮ್ಮೆಗಳ ವಿಷಯ ಮೊದಲು ಹೊರಬಿತ್ತು. ಮಷೀನಿನ ಕೊಟೇಶನ್ನು ಹಳೆ ಮಷೀನಿನದು ಎಂಬುದು ಆಮೇಲೆ. ಜಿಎಸ್‌ಟಿ ನಂಬರಿಲ್ಲದ ಬಿಳಿ ಚೀಟಿ, ಅದರಲ್ಲಿ ಹೊಸದರ ಬೆಲೆ. ಹಳೆ ಮಷೀನಿಗೆ ನಮ್ಮ ಬ್ಯಾಂಕು ಸಾಲ ಕೊಡುವುದಿಲ್ಲ ಎಂದಳು ಸುಚರಿತಾ. ಗೋವರ್ಧನನ ಖಾತೆಯಲ್ಲಿ ಆರು ತಿಂಗಳಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟರೆ ಬೇರೆ ಹಣ ಬಂದಿರಲಿಲ್ಲ. ದುಡಿದದ್ದೆಲ್ಲ ನೋಟಿನಲ್ಲಿ ಬಂದು ನೋಟಿನಲ್ಲೇ ಹೋಗಿತ್ತು. ಅವನು ದುಡಿಯುತ್ತಾನೆಂದು ಬ್ಯಾಂಕಿಗೆ ಗೊತ್ತಾಗುವುದು ಹೇಗೆ?

"ಇವನ್ನೆಲ್ಲ ಸರಿಮಾಡಬಹುದಿತ್ತು" ಎಂದಳು ಸುಚರಿತಾ. "ಆದರೆ ಸಿಬಿಲ್, ಅಂದರೆ ಹಳೆಯ ಸಾಲಗಳನ್ನು ಹೇಗೆ ತೀರಿಸಿದ್ದಾರೆ ಎಂಬ ದಾಖಲೆ, ಸರಿಯಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮೊಬೈಲ್ ಫೋನನ್ನು ಕಂತಿನ ಮೇಲೆ ತೆಗೆದುಕೊಂಡಿದ್ದಾರೆ. ಕೊನೆಯ ಎರಡು ಕಂತು ಕಟ್ಟಿಲ್ಲ. ನಿನ್ನೆ ಕೇಳಿದಾಗ, ಅಂಥ ಫೋನು ತಮ್ಮ ಬಳಿ ಇಲ್ಲವೇ ಇಲ್ಲ ಎಂದರು."

"ಸತ್ಯ ಅದ್ರಿ" ಎಂದ ಗೋವರ್ಧನ ಮೆಲ್ಲಗೆ. "ನನ್ನ ಹತ್ರ ಇಲ್ಲ."

ರುಕ್ಮಾಬಾಯಿ ತನ್ನ ಕೈಯಲ್ಲಿದ್ದ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮದುವೆಯಾಗಿ ಹದಿನೈದು ವರ್ಷಕ್ಕೆ ಅವನು ಕಾಣಿಕೆ ಕೊಟ್ಟದ್ದು. ಪೇಡಾದ ಡಬ್ಬಿಯಲ್ಲಿಟ್ಟು, ಮೇಲೆ ಮಲ್ಲಿಗೆ ಹಾಕಿ ಕೊಟ್ಟಿದ್ದ. ಅವಳಿಗೆ ನಗು ಬಂತು, ಸಿಟ್ಟೂ ಬಂತು. ಬ್ಯಾಂಕು ಎಂದು ಎರಡನ್ನೂ ನುಂಗಿದಳು.

ಮೆಟ್ಟಿಲಿಳಿಯುವಾಗ ಕೇಳಿದಳು. "ಹಂಗಾದ್ರ ಇಷ್ಟು ವರ್ಷ ನಮ್ಮಕ್ಕನ ಜೋಡಿ ನಾನು ಕಂಪನಿಯವರ ರೊಕ್ಕದಾಗ ಮಾತಾಡೀನಿ?"

"ಆವಾಗ ಎರಡು ತಿಂಗಳು ಕೆಲಸ ಇರಲಿಲ್ಲಲ್ಲೇ ರುಕ್ಮಾ. ಆಮ್ಯಾಲೆ ಅವರೂ ಫೋನ್ ಮಾಡೂದು ಬಿಟ್ರು. ಬಿಟ್ಟುಕೊಟ್ರು ಅಂದ್ಕೊಂಡೆ."

"ಯಾವ ನಂಬರಿಗೆ ಮಾಡ್ತಿದ್ರು?"

"ನನ್ನ ಹಳೇದಕ್ಕ. ಅದನ್ನ ನಾನು ಬಂದ್ ಮಾಡಿದ್ನೆಲ್ಲ."

"ಭಾರೀ ಶಾಣ್ಯಾರು ಬಿಡ್ರಿ" ಎಂದಳು. ಅಲ್ಲಿಂದ ಮನೆ ಮುಟ್ಟುವವರೆಗೆ ಅವಳು ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಗೋವರ್ಧನನಿಗೆ.

ಅವಳು ಸುಮ್ಮನಿದ್ದದ್ದು ಸಿಟ್ಟಿಗಲ್ಲ. ಯೋಚಿಸುತ್ತಿದ್ದಳು. ಆ ಫೋನು ಬಂದಾಗಿನಿಂದ ಮಾಲು ಕೊಡುವ ಸೇಠುಗಳು ಅವಳ ಪಾಲಿನ ಕೂಲಿಯನ್ನು ಅವಳ ಖಾತೆಗೇ ಹಾಕುತ್ತಿದ್ದರು. ಸಂಘದ ಸಾಲ ಎರಡು ಸಲ ತೆಗೆದು ಎರಡು ಸಲವೂ ಸರಿಯಾಗಿ ಮುಟ್ಟಿಸಿದ್ದಳು. ಮನೆ ಸೇರಿ ಚಪ್ಪಲಿ ಬಿಡುತ್ತ ಹೇಳಿದಳು: "ಅರ್ಜಿ ನನ್ನ ಹೆಸರಿನ್ಯಾಗ ಹಾಕ್ತೀನಿ."

ಗೋವರ್ಧನ ಒಂದೇ ಚಪ್ಪಲಿ ಬಿಟ್ಟು ಅಲ್ಲೇ ನಿಂತ. "ಹಂಗಾದ್ರ ನಾನು?"

"ನೀವು ಎಮ್ಮಿ ಕಾಯ್ರಿ."

ಕೆಲಸ ಸಲೀಸಾಗಿ ಆಯಿತೆಂದಲ್ಲ. ಸಣ್ಣ ಉದ್ಯಮವೆಂದು ಸರಕಾರದಲ್ಲಿ ದಾಖಲು ಮಾಡಿಸುವ ಉದ್ಯಮ್ ನೋಂದಣಿಗೆ ಜಿಲಾನಿ ಐನೂರು ಕೇಳಿದ. ರುಕ್ಮಾಬಾಯಿ ಅವನ ಪರದೆಯ ಮೇಲೆಯೇ ಬೆರಳಿಟ್ಟು, "ಇಲ್ಲಿ ಶುಲ್ಕ ಇಲ್ಲ ಅಂತ ಐತಲ್ಲಪಾ?" ಎಂದಳು. "ಅಕ್ಕಾ, ಶುಲ್ಕ ಸರಕಾರಕ್ಕಿಲ್ಲ. ನನಗೂ ಹೊಟ್ಟಿ ಐತಲ್ಲ?" ಎಂದ ಜಿಲಾನಿ. "ನಿನ್ನ ಹೊಟ್ಟಿಗೆ ಎಮ್ಮಿ ಹಾಲು ಕುಡಿ" ಎಂದು ಐವತ್ತು ರೂಪಾಯಿ ಕೊಟ್ಟಳು. ಅಷ್ಟಾದರೂ ನೋಂದಣಿ ಆಗಲಿಲ್ಲ. ಆಧಾರಿನಲ್ಲಿ ರುಕ್ಮಾಬಾಯಿ, ಪ್ಯಾನಿನಲ್ಲಿ ರುಕ್ಮಿಣಿ. ಅದನ್ನು ತಿದ್ದಿಸಿ ಬರಲು ದಿನಗಳು ಹಿಡಿದವು.

ಬಾಡಿಗೆ ಕರಾರು ಪತ್ರ ಎಂದಾಗ ಮನೆಯೊಡತಿ ಗೌರಮ್ಮ ಬಾಗಿಲು ಅರ್ಧ ಮುಚ್ಚಿದಳು.

"ಸಹಿ ಮಾಡಿದ್ರ ಬ್ಯಾಂಕಿನವರು ನನ್ನ ಮನಿ ಜಪ್ತಿ ಮಾಡ್ತಾರ."

"ನಿನ್ನ ಮನಿ ಯಾರಿಗೆ ಬೇಕು ಗೌರಕ್ಕ, ಮಾಳಿಗಿ ಸೋರ್ತೈತಿ. ನಾವಿಲ್ಲಿ ಇದ್ದೀವಿ, ಇಲ್ಲೇ ಕೆಲಸ ಮಾಡ್ತೀವಿ ಅನ್ನಾಕ ಅಷ್ಟ."

"ಸೋರ್ತೈತಿ ಅಂತಾನೂ ಬರೀತಾರೇನು?" ಗೌರಮ್ಮನಿಗೆ ಈಗ ಆ ಚಿಂತೆ. ಇಲ್ಲವೆಂದು ಆಣೆ ಮಾಡಿದ ಮೇಲೆ ಸಹಿ ಬಿತ್ತು.

ಬಿಲ್ಲು ಕೊಡುವ ದೊಡ್ಡ ಅಂಗಡಿಯಿಂದ ಹೊಸ ಮಷೀನುಗಳ ಕೊಟೇಶನ್ನು ತಂದಳು. ಎರಡೂ ಸೇರಿ ನಾಲ್ಕು ಲಕ್ಷ. ಅದರಲ್ಲಿ ನೂರಕ್ಕೆ ಹದಿನೈದು ತಾನೇ ಹಾಕಬೇಕೆಂದು ಗೊತ್ತಾದಾಗ, ಸಂಘದ ಉಳಿತಾಯ ತೆಗೆದು, ಕಡಿಮೆ ಬಿದ್ದದ್ದಕ್ಕೆ ಚೀಟಿ ಹಣ ಎತ್ತಿದಳು. ಪ್ರಾಜೆಕ್ಟ್ ರಿಪೋರ್ಟನ್ನು ಜಿಲಾನಿಯ ಪಕ್ಕ ಕೂತು ತಾನೇ ಹೇಳಿ ಬರೆಸಿದಳು. ಓಣಿಯ ಯಾವ ಯಾವ ಮನೆಯವರು ಕಾಜಾಕ್ಕೆ ಕೊಡುತ್ತಾರೆ, ಒಂದು ಪ್ಯಾಂಟಿಗೆ ಎಷ್ಟು, ಕರೆಂಟು ಎಷ್ಟು ಸುಡುತ್ತದೆ, ಕೆಲಸವಿಲ್ಲದ ಮಳೆಗಾಲದಲ್ಲಿ ಎಷ್ಟು ಕಡಿಮೆ.

"ಕಡಿಮಿ ಅಂತ ಯಾಕ ಬರಸ್ತಿ?" ಗೋವರ್ಧನ ತಡೆದ. "ಜಾಸ್ತಿ ಹೇಳಿದ್ರ ಜಾಸ್ತಿ ಕೊಡ್ತಾರ."

"ಜಾಸ್ತಿ ಹೇಳಿ ನೀವು ಹೋಗಿ ಬಂದ್ರೆಲ್ಲ. ಏನ್ ಕೊಟ್ರು?"

ಅರ್ಜಿ ಹಾಕಿದ ವಾರದೊಳಗೆ ಸುಚರಿತಾ ಮನೆ ನೋಡಲು ಬಂದಳು. ಗೋವರ್ಧನ ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲೇ ನಿಂತಿದ್ದ.

"ಹುಲಗಪ್ಪನವರ ಅಂಗಡಿ ಇರುವಾಗ ಜನ ನಿಮ್ಮಲ್ಲಿಗೆ ಏಕೆ ಬರುತ್ತಾರೆ?" ಎಂದು ಕೇಳಿದಳು.

"ಅದು ಹೆಂಗಂದ್ರ ಮೇಡಂ..." ಗೋವರ್ಧನ ಶುರುಮಾಡಿದ.

"ಸಾಲ ಕೇಳಿರುವುದು ಇವರು. ಗಂಡ ನಡೆಸಿ ಹೆಂಡತಿ ಸಹಿ ಮಾಡುವ ಘಟಕಗಳನ್ನು ನಾನು ಬಹಳ ನೋಡಿದ್ದೇನೆ. ನೀವು ದಯವಿಟ್ಟು ಚಹಾ ಮಾಡುತ್ತೀರಾ?"

ಗೋವರ್ಧನ ಒಳಗೆ ಹೋದ. ರುಕ್ಮಾಬಾಯಿ ಹೇಳಿದಳು: "ಸಣ್ಣ ಗಂಟು ತಂದವರನ್ನ ಅಂವ ನಿಂದ್ರಸ್ತಾನ್ರಿ. ಈ ಓಣ್ಯಾಗ ಎಲ್ಲರದೂ ಸಣ್ಣ ಗಂಟೇ. ಅದಕ್ಕ ಬರ್ತಾರ. ಹುಲಗಪ್ಪ ರೇಟು ಇಳಿಸಿದ್ರ ಸ್ವಲ್ಪ ಮಂದಿ ಹೋಗ್ತಾರ, ಅದೂ ಖರೇ."

ಸುಚರಿತಾ ಬರೆದುಕೊಂಡಳು. ಒಳಗಿನಿಂದ "ಸಕ್ಕರಿ ಡಬ್ಬಿ ಎಲ್ಲೈತಿ?" ಎಂಬ ಕೂಗು ಬಂತು. ಹೋಗುವಾಗ ಅವಳು ಗೋವರ್ಧನನಿಗೊಂದು ಮಾತು ಹೇಳಿದಳು: "ಫೋನಿನ ಬಾಕಿಯನ್ನು ಪೂರ್ತಿ ಕಟ್ಟಿ. ಅರ್ಧಕ್ಕೆ ರಾಜಿ ಮಾಡಿಕೊಳ್ಳೋಣ ಎಂದರೆ ಒಪ್ಪಬೇಡಿ. ದಾಖಲೆಯಲ್ಲಿ ಅದು ರಾಜಿ ಎಂದೇ ಉಳಿಯುತ್ತದೆ, ಮುಂದೆ ಯಾವ ಬ್ಯಾಂಕಿಗೂ ಹಿಡಿಸುವುದಿಲ್ಲ. ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಚಹಾ ಚೆನ್ನಾಗಿತ್ತು."

ಸಾಲ ಮಂಜೂರಾಯಿತು. ಹಣ ಕೈಗೆ ಬರುತ್ತದೆ, ಅದರಲ್ಲಿ ಒಂದಿಷ್ಟು ಬೈಕಿನ ಟೈರಿಗೆ ಹೊಂದಿಸಬಹುದೆಂದು ಗೋವರ್ಧನ ಲೆಕ್ಕ ಹಾಕಿದ್ದ. ಬ್ಯಾಂಕು ಅದನ್ನು ನೇರ ಮಷೀನಿನ ಅಂಗಡಿಗೆ ಕಳಿಸಿತು. "ಒಂದು ನೋಟನ್ನೂ ಮುಟ್ಟಾಕ ಕೊಡಲಿಲ್ಲಲ್ಲ!" ಎಂದು ಅವನು ಎರಡು ದಿನ ಗೊಣಗಿದ. ಮೂರನೆಯ ದಿನ ತಾನಾಗಿಯೇ ಹೋಗಿ ಫೋನಿನ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿ ಬಂದ. ದುಡ್ಡು ಎಲ್ಲಿಂದ ತಂದನೆಂದು ರುಕ್ಮಾಬಾಯಿ ಕೇಳಲಿಲ್ಲ. ಅವನ ಕೈಗಡಿಯಾರ ಕಾಣದ್ದನ್ನು ನೋಡಿ, ರಾತ್ರಿ ಅವನ ತಟ್ಟೆಗೆ ಒಂದು ಹೋಳಿಗೆ ಹೆಚ್ಚು ಹಾಕಿದಳು.

ಮಷೀನು ಬಂದ ದಿನ ಓಣಿಯವರೆಲ್ಲ ಸೇರಿದರು. ಅರಿಶಿನ ಕುಂಕುಮ ಆಯಿತು, ತೆಂಗಿನಕಾಯಿ ಒಡೆಯಿತು. ಮೊದಲ ಗಂಟು ತಂದವಳು ಎದುರು ಮನೆಯ ಸಕೀನಾ.

"ಮಾಲಕರು ಯಾರಪಾ ಇಲ್ಲಿ?" ಎಂದು ಬೇಕೆಂದೇ ಗೋವರ್ಧನನನ್ನು ಕೇಳಿದಳು.

"ಮಾಲಕಿ ಒಳಗದಾರ" ಎಂದ ಗೋವರ್ಧನ, ಗಂಟು ಬಿಚ್ಚುತ್ತ. "ನಾನು ಆಪರೇಟರ್. ಪಗಾರ ಇನ್ನೂ ಮಾತಾಡಿಲ್ಲ."

"ಕೆಲಸ ನೋಡಿ ಮಾತಾಡೂಣಂತ" ಎಂದಿತು ಒಳಗಿನ ದನಿ. ಗೋವರ್ಧನ ಮೊದಲ ಪ್ಯಾಂಟನ್ನು ಮಷೀನಿನ ಬಾಯಿಗೆ ಕೊಟ್ಟ. ಕಾಜಾ ಕೂದಲೆಳೆಯಷ್ಟೂ ಸೊಟ್ಟಾಗದೆ ಬಿತ್ತು. ಸಕೀನಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಉಳಿದ ಪ್ಯಾಂಟುಗಳನ್ನೂ ಅವನ ಮುಂದೆ ಸುರಿದಳು.