ಬೀಗ ಹಾಕಿದ ಮನಿಯ ಎಪ್ಪತ್ತೆರಡು ಡಿಗ್ರಿ

ಶಹಾಬಾದದ ದಿಲೀಪನ ಸೋಲಾರ್ ಅಂಗಡಿಯಲ್ಲಿ ಜಾಹೀರಾತು ಬರೆಯೋ ಕೆಲಸಕ್ಕೆ ಫರಹತ ಸೇರಿ ಎರಡೇ ತಿಂಗಳು. ವಾಡಿಯ ಒಂದು ಕಾಲೊನಿಯ ನಲವತ್ತು ಮನೆಯವರು ಬಿಸಿನೀರಿನ ಸೋಲಾರ್ ಹಾಕಿಸೋರಿದ್ದರು. ಆ ಆರ್ಡರ್ ಬಂದರೆ ನೌಕರಿ ಉಳೀತು, ಇಲ್ಲಾಂದ್ರೆ ತಿಂಗಳ ಕೊನೆಗೆ ಮನೆಗೆ ಹೋಗೋದು ಅಂತ ದಿಲೀಪ ಮುಖಕ್ಕೇ ಹೇಳಿದ್ದ. ಹೇಳೋ ವಿಷಯದಲ್ಲಿ ಆಸಾಮಿ ಭಾಳ ನೇರ.

ಕರಪತ್ರಕ್ಕೆ ಅಂಕಿಯನ್ನೂ ಅವನೇ ಕೊಟ್ಟ. ಮುಂಜಾನೆ ಆರಕ್ಕೆ ಎಪ್ಪತ್ತೆರಡು ಡಿಗ್ರಿ. ಚಿತ್ತಾಪುರದ ಗಿರಾಕಿ ನಜಮುನ್ನೀಸಾ ಅವರ ಮನೆಯದು, ಫಿಟ್ಟರ್ ದೇವಿಂದ್ರ ಹೊರಗಿನ ಮೆಟ್ಟಿಲಿಂದ ಮಾಳಿಗಿ ಹತ್ತಿ ಟ್ಯಾಂಕಿನ ಮೇಲಿನ ಮಾಪಕ ನೋಡಿ ಬರೆದದ್ದು.

ಹೆಸರು ಹಾಕಲು ಒಪ್ಪಿಗೆ ಕೇಳೋಣಂತ ಫರಹತ ಚಿತ್ತಾಪುರಕ್ಕೆ ಹೋದಳು. ದೇವಿಂದ್ರ ಅಳೆದ ತಾರೀಖನ್ನೂ ಹೇಳಿದಳು.

"ಯಾವ ವಾರ?" ಅಂದರು ನಜಮುನ್ನೀಸಾ. "ಅವಾಗ ನಾವು ಚಿಂಚೋಳಿಗೆ ಶಾದಿಗೆ ಹೋಗಿದ್ವಿ. ಮನಿಗೆ ಬೀಗ. ನೀರು ಯಾರು ಮುಟ್ಟ್ಯಾರ?"

ಫರಹತಳಿಗೆ ಅಂಕಿಯ ಗುಟ್ಟು ತಿಳೀತು. ನೀರು ಬಳಸದಿದ್ದರೆ ತಣ್ಣೀರು ಒಳಗೆ ಬರಲ್ಲ, ಅದೇ ನೀರು ದಿನಾ ಕಾಯ್ತಾನೇ ಇರುತ್ತೆ. ಅಂಕಿ ಖರೆ, ಆದರೆ ಯಾರೂ ಸ್ನಾನ ಮಾಡದ ಮನೆಯದು.

ಆ ಅಂಕಿ ಬಿಡೋಣ ಅಂದರೆ ದಿಲೀಪ ಒಪ್ಪಲಿಲ್ಲ. "ಮಾಪಕ ಸುಳ್ಳು ಹೇಳ್ತೈತೇನು? ಬ್ಯಾರೆ ಅಂಗಡಿಯವ ಎಂಬತ್ತು ಅಂತ ಬರದಾನ."

"ಅವರು ಬರೀಲಿರಿ. ನಾ ಮತ್ತ ಅಳೀತೀನಿ."

ಅದೇ ಮನೆ, ಐದು ಮಂದಿ, ಇನ್ನೂರು ಲೀಟರಿನ ಟ್ಯಾಂಕು. ಏಳು ದಿನ ಮುಂಜಾನೆ ಆರಕ್ಕೆ, ಪೈಪಿನಲ್ಲಿ ನಿಂತ ತಣ್ಣೀರು ಬಿಟ್ಟು, ಬಕೆಟ್ಟಿನಲ್ಲಿ ಥರ್ಮಾಮೀಟರ್ ಅದ್ದಿ ಓದಿದಳು. ಆರು ದಿನ ಐವತ್ತರಿಂದ ಐವತ್ತೈದು. ಹಿಂದಿನ ದಿನವೆಲ್ಲ ಮೋಡ ಕವಿದಿದ್ದ ಒಂದು ಮುಂಜಾನೆ ಮೂವತ್ತೆಂಟು. ಎಲ್ಲ ಬರೆದಳು, ಮನೆಯವರ ಫೋನ್ ನಂಬರ್ ಸಮೇತ. ಕೆಳಗೆ "ಮೋಡದ ದಿನ ಕರೆಂಟಿನ ಕಾಯಿಲ್ ಹಾಕಬೇಕಾದೀತು" ಅಂತಲೂ. ವಾಡಿಯ ಸಭೆ ಹತ್ತಿರ ಬಂದಿತ್ತು, ಮತ್ತೆ ಬರೆಸೋಕೆ ಹೊತ್ತಿರಲಿಲ್ಲ, ದಿಲೀಪ ಹಲ್ಲು ಕಚ್ಚಿಕೊಂಡು ಅದನ್ನೇ ಅಚ್ಚು ಹಾಕಿಸಿದ.

ವಾಡಿಯ ಸಭೆಯಲ್ಲಿ ಕಾಲೊನಿಯ ಅಧ್ಯಕ್ಷ, ರೇಲ್ವೆಯಿಂದ ನಿವೃತ್ತರಾದ ಭೀಮಶ್ಯಾ, ಎರಡೂ ಅಂಗಡಿಯ ಕರಪತ್ರ ಕೈಯಲ್ಲಿ ಹಿಡಿದಿದ್ದರು. "ಈ ಎಂಬತ್ತು ಎಲ್ಲಿ ಅಳದದ್ರಿ?" ಅಂತ ಬ್ಯಾರೆ ಅಂಗಡಿಯವನನ್ನು ಕೇಳಿದರು. ಅವನು ಕಂಪನಿ ಅಂದ, ಪ್ರಯೋಗಾಲಯ ಅಂದ, ಮನೆ ಯಾವುದು ಅಂತ ಹೇಳಲಿಲ್ಲ. ಭೀಮಶ್ಯಾ ಅಲ್ಲೇ ಕೂತು ಚಿತ್ತಾಪುರಕ್ಕೆ ಫೋನ್ ಹಚ್ಚಿದರು. "ಹೌದ್ರಿ, ಆ ಮೂವತ್ತೆಂಟರ ದಿನ ನಾನು ಕಾಯಿಲ್ ಹಾಕೇ ಜಳಕಾ ಮಾಡೀನಿ" ಅಂದರು ನಜಮುನ್ನೀಸಾ, ಎಲ್ಲರಿಗೂ ಕೇಳೋ ಹಾಗೆ.

ಫರಹತ ನೌಕರಿ ಹೋಯಿತೆಂದೇ ತಿಳಿದಳು.

"ಸದ್ಯ ಹತ್ತು ಮನಿಗೆ ಹಾಕ್ರಿ," ಅಂದರು ಭೀಮಶ್ಯಾ. "ಉಳಿದ ಮೂವತ್ತು, ಮಳಿಗಾಲದಾಗ ಇವು ಹ್ಯಾಂಗ ನಡೀತಾವ ನೋಡಿ."

ಶಹಾಬಾದದಲ್ಲಿ ಬಸ್ಸು ಇಳಿಯುವಾಗ ದಿಲೀಪ ಅಂದ, "ಮಳಿಗಾಲದ ಅಂಕಿ ಇನ್ನೂ ಕೆಟ್ಟ ಬರ್ತಾವ. ಅವನ್ನೂ ಹಂಗಽ ಬರೀತಿಯೇನು?"

"ಹೂಂರಿ."

"ಹಂಗಾದ್ರ ನಾಳೆ ಜಲ್ದಿ ಬಾ. ಹತ್ತು ಥರ್ಮಾಮೀಟರ್ ತರಬೇಕು."