ಎಡಕ್ಕೆ ತಿರುಗುವ ವಾಲ್ವ್

ನೀರು ಶುದ್ಧೀಕರಣ ಘಟಕದ ಎಂಜಿನಿಯರ್ ಬರೆದ ಮೊದಲ ರಾಜೀನಾಮೆ ಪತ್ರ ಮೂರು ಪುಟವಿತ್ತು. ಬೆಂಡೆಕಾಯಿ ಹೆಚ್ಚುತ್ತಲೇ ಓದಿದ ಅಕ್ಕ, "ಇದೇನೇ, ರಾಜೀನಾಮೆನೋ ಚಾರ್ಜ್‌ಶೀಟೋ? ಹೊಟ್ಟೆಯೊಳಗಿದ್ದಿದ್ದನ್ನೆಲ್ಲ ನನ್ನ ಹತ್ರ ಕಕ್ಕು. ಅವರಿಗೆ ತಾರೀಕು ಕೊಡು, ಕೆಲಸ ಒಪ್ಪಿಸು, ಸಾಕು," ಎಂದಳು.

ತಪ್ಪಿದ ಬಡ್ತಿ, ರಜೆಗಾಗಿ ಅಂಗಲಾಚಿದ್ದು, ಎಲ್ಲರೆದುರು ಬೈಸಿಕೊಂಡದ್ದು, ಒಂದೊಂದನ್ನೂ ತಂಗಿ ಹೊಡೆದುಹಾಕಿದಳು. ಉಳಿದದ್ದು ನಾಲ್ಕು ಸಾಲು ಮತ್ತು ಕೆಲಸ ಒಪ್ಪಿಸುವ ಪಟ್ಟಿ. ಇಂದು ಹದಿನೈದು, ಮೂವತ್ತು ದಿನದ ನೋಟಿಸ್, ಕೊನೆಯ ದಿನ ಮುಂದಿನ ತಿಂಗಳ ಹದಿನಾಲ್ಕು. ಮರುದಿನವೇ ಹೊಸ ಕೆಲಸಕ್ಕೆ ಹಾಜರಾಗಬೇಕು. ನೋಟಿಸಿನ ಲೆಕ್ಕ ಶುರುವಾಗುವುದು ಮ್ಯಾನೇಜರ್ 'ಸ್ವೀಕರಿಸಿದೆ' ಎಂದು ಸಹಿ ಮಾಡಿದ ದಿನದಿಂದ. ನಾಳೆಯಿಂದ ಅವರು ಹತ್ತು ದಿನ ಊರಲ್ಲಿರುವುದಿಲ್ಲ.

ಸಂಜೆ ಐದಾಗಲು ಹತ್ತು ನಿಮಿಷ. ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿದರು, ಹಿಂದಿನ ಬದಿಯನ್ನೂ ತಿರುಗಿಸಿ ನೋಡಿದರು.

"ಇಷ್ಟೇನಾ? ನನಗೆ ಸಹಸ್ರನಾಮ ಇರತ್ತೆ ಅಂದ್ಕೊಂಡಿದ್ದೆ."

"ಇಷ್ಟೇ ಸರ್."

ಪೆನ್ನು ಕೈಗೆ ಬಂತು. ಪಟ್ಟಿಯ ಆರನೇ ಸಾಲಿನ ಮೇಲೆ ನಿಂತುಬಿಟ್ಟಿತು. 'ಮೂರನೇ ಪಂಪಿನ ಡೆಲಿವರಿ ವಾಲ್ವ್ ಮುಚ್ಚಲು ಚಕ್ರವನ್ನು ಎಡಕ್ಕೆ ತಿರುಗಿಸಬೇಕು. ಉಳಿದವು ಬಲಕ್ಕೆ.'

"ನೋಡಿ, ಇಲ್ಲಿ ಬಂತಲ್ಲ ನಿಮ್ಮ ಹಳೇ ರಾಗ. ಇದನ್ನ ತೆಗೀರಿ, ಸಹಿ ಹಾಕ್ತೀನಿ."

ಒಂದು ಗೀಟು ಎಳೆದರೆ ಮುಗಿಯಿತು. ಗೋಡೆಯ ಗಡಿಯಾರ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು.

"ಮೂರು ಸಲ ಹೇಳಿದ್ರೂ ಆ ಉಲ್ಟಾ ವಾಲ್ವ್ ಬದಲಾಯಿಸಲಿಲ್ಲ ಅಂತ ಮೊದಲು ಬರೆದಿದ್ದೆ ಸರ್. ಅದು ದೂರು, ತೆಗೆದುಬಿಟ್ಟೆ. ಇದು ಆ ವಾಲ್ವ್ ಮುಚ್ಚೋ ದಾರಿ. ನಾನು ಹೋದ್ಮೇಲೆ ಹೇಳೋರು ಯಾರು?"

"ಎಲ್ಲರಿಗೂ ಗೊತ್ತಿದೆ ಬಿಡಿ."

ಅಷ್ಟರಲ್ಲಿ ಎರಡನೇ ಪಾಳಿಯ ಎಂಜಿನಿಯರ್ ದಿನಚರಿ ಪುಸ್ತಕ ಹಿಡಿದು ಒಳಬಂದರು. ಇನ್ನು ಮೇಲೆ ಅವಳ ಕೆಲಸ ನೋಡಿಕೊಳ್ಳಬೇಕಾದವರು ಅವರೇ. ಮ್ಯಾನೇಜರ್ ಗೆದ್ದವರಂತೆ ಅವರತ್ತ ತಿರುಗಿದರು.

"ಏನ್ರೀ, ಮೂರನೇ ಪಂಪಿನ ಡೆಲಿವರಿ ಪೈಪ್ ಒಡೀತು ಅಂದ್ಕೊಳ್ಳಿ. ವಾಲ್ವ್ ಹೇಗೆ ಮುಚ್ತೀರಿ? ಕೈಯಲ್ಲೇ ತೋರಿಸಿ."

ಅವರು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಗಾಳಿಯಲ್ಲಿ ಚಕ್ರ ಹಿಡಿದು, ಬಲಕ್ಕೆ ಬಿಗಿಯಾಗಿ ತಿರುಗಿಸಿದರು. "ಹೀಗೆ ಸರ್. ಯಾಕೆ?"

ಅವಳು ನೆಲ ನೋಡುತ್ತ ನಿಂತಳು. ಈಗ ತಲೆಯೆತ್ತಿದರೆ ಹೊಡೆದುಹಾಕಿದ ಮೂರೂ ಪುಟ ಮುಖದಲ್ಲಿ ಕಂಡುಬಿಡುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಮ್ಯಾನೇಜರ್ ಆರನೇ ಸಾಲಿನಲ್ಲಿ 'ಎಡಕ್ಕೆ' ಎಂಬುದರ ಕೆಳಗೆ ಎರಡು ಗೀಟೆಳೆದರು. ಆಮೇಲೆ ಎರಡೂ ಪ್ರತಿಗಳಿಗೆ ಸಹಿ, ಅದರಡಿ ಹದಿನೈದನೇ ತಾರೀಕು.

"ನಾಳೆ ಬೆಳಿಗ್ಗೆ ಮೊದಲು ಇವರನ್ನ ಆ ವಾಲ್ವ್ ಹತ್ರ ಕರ್ಕೊಂಡು ಹೋಗಿ," ಎಂದರು, ಅವಳ ಮುಖ ನೋಡದೆ.

"ಈಗಲೇ ಹೋಗ್ತೀವಿ ಸರ್," ಎಂದು ಅವಳು ತನ್ನ ಪ್ರತಿಯನ್ನು ಮಡಚಿ ಚೀಲಕ್ಕಿಟ್ಟುಕೊಂಡಳು.