ಹೊಡೆದು ಹಾಕಿದ ಎರಡು ಸಾಲು

ಗೋರಖಪುರದಿಂದ ರಾತ್ರಿಯಿಡೀ ಕೂತೇ ಬಂದು, ಬಂಗಾಲಿ ಟೋಲಾದ ಛತ್ರದ ಬಾಗಿಲಿಗೆ ನಾನು ತಲುಪಿದಾಗ ಆರು ದಾಟಿತ್ತು. ಚಪ್ಪರ ಇರಲಿಲ್ಲ. ವಾಲಗ ಇರಲಿಲ್ಲ. ಹೆಗಲ ಮೇಲಿನ ಚೀಲದಲ್ಲಿ ಅಪ್ಪನ ರೇಷ್ಮೆ ಪಂಚೆ ಮಾತ್ರ ಇತ್ತು.

ಕಾವಲುಗಾರ ಹಲ್ಲುಜ್ಜುತ್ತಲೇ ನನ್ನನ್ನು ನೋಡಿದ. "ಶಾದಿ? ಭೈಯಾ, ಆಜ್ ತೋ ಯಹಾಂ ಶ್ರಾದ್ಧ್ ಹೈ."

ಮದುವೆಗೂ ಶ್ರಾದ್ಧಕ್ಕೂ ಊಟ ಇರುತ್ತದೆ, ಆದರೆ ಉಡುಗೊರೆ ಒಂದಕ್ಕೇ. ಚೀಲ ಸರಿಪಡಿಸಿಕೊಂಡು ಶಿವಾಲ ಬಡಾವಣೆಯಲ್ಲಿದ್ದ ಅತ್ತೆಯ ಮನೆಗೆ ನಡೆದೆ.

ಶ್ಯಾಮಲತ್ತೆ ಅಪ್ಪನ ತಂಗಿ. ಅವಳ ಮಗಳು ಅನ್ವಿತಾಳದೇ ಮದುವೆ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ; ಅಪ್ಪ ತೀರಿಕೊಂಡು ಎರಡು ವರ್ಷವಾದ್ದರಿಂದ ಆ ಕೆಲಸ ನನ್ನದು. ಅದಕ್ಕೇ ಸಾಹೇಬರ ಕಾಲು ಹಿಡಿದು ರಜೆ ತಂದಿದ್ದೆ.

ಬಾಗಿಲು ತೆರೆದವಳು ಮದುಮಗಳೇ. ನೈಟಿ, ತಲೆತುಂಬ ಎಣ್ಣೆ.

"ಪವಮಾನ ಬಾವಾ! ಏನಿದು, ಹೇಳದೆ ಕೇಳದೆ?"

"ಹೇಳಿದವಳು ನೀನೇ," ಎಂದು ಮೊಬೈಲು ತೆಗೆದೆ. ಹಿರಿಯರ ಲಗ್ನಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ. ನಮಗೆ, ಅಂದರೆ ಅತ್ತೆ-ಮಾವಂದಿರ, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳಿಗೆ, ಅವಳೇ ಪದ್ಯ ಕಟ್ಟಿ ಕಳಿಸಿದ್ದಳು. ನಿಂತಲ್ಲೇ ಓದಿದೆ:

ವೈಶಾಖ ಬಹುಳ ಪಂಚಮಿ, ಮರೆತೀರಿ ಜೋಕೆ;
ಐಷಾರಾಮಿ ನಿದ್ದೆ ಅಂದು ನಿಮಗೆ ಯಾಕೆ?

ವೃಷಭ ಲಗ್ನ, ಬೆಳಿಗ್ಗೆ ಸರಿಯಾಗಿ ಆರೂವರೆ ಗಂಟೆ;
ಏಳದವರ ಕಿವಿಯ ಬಳಿ ಅಪ್ಪನ ಪೂಜೆಯ ಗಂಟೆ.

ಬಂಗಾಲಿ ಟೋಲಾ ಛತ್ರದಲ್ಲಿ, ಕೇದಾರ ಘಾಟಿನ ಗಲ್ಲಿ;
ದಾರಿ ತಪ್ಪಿದರೆ ಅಡ್ಡ ನಿಂತ ಗೂಳಿಯ ಕೇಳಿ ಅಲ್ಲಿ.

"ಮತ್ತೆ ಇವತ್ತು ಪಂಚಮಿ ಅಲ್ವಾ?"

ಒಳಗಿನಿಂದ ಅನ್ವಿತಾಳ ಅಪ್ಪ ರಾಮಚಂದ್ರ ಮಾವ ಪಂಚಾಂಗ ಹಿಡಿದುಕೊಂಡೇ ಬಂದರು. ಯಾತ್ರಿಕರಿಗೆ ಪಿಂಡ ಹಾಕಿಸುವ ಪುರೋಹಿತರು, ಅವಸರ ಅವರಿಗೆ ಗೊತ್ತಿಲ್ಲ.

"ಯಾವ ಕ್ಯಾಲೆಂಡರ್ ನೋಡ್ದೆ?"

"ಆಫೀಸಿನ ಗೋಡೆದು. ಹಿಂದಿ ಭಾಷೇದು. ವೈಶಾಖ ಕೃಷ್ಣ ಪಂಚಮಿ ಅಂತ ದಪ್ಪಕ್ಷರದಲ್ಲಿದೆ, ಮಾವ."

ಮಾವ ಅಲ್ಲೇ ಕುಕ್ಕರಿಸಿದರು. "ನಮ್ಮ ತಿಂಗಳು ಮುಗಿಯೋದು ಅಮಾವಾಸ್ಯೆಗೆ. ಇಲ್ಲಿಯವರದ್ದು ಹುಣ್ಣಿಮೆಗೇ ಮುಗೀತದೆ. ಶುಕ್ಲಪಕ್ಷಕ್ಕೆ ಇಬ್ಬರದ್ದೂ ಒಂದೇ ಹೆಸರು. ಬಹುಳ, ಅಂದ್ರೆ ಕೃಷ್ಣಪಕ್ಷ ಬಂತೋ, ಇವರು ಒಂದು ತಿಂಗಳು ಮುಂದೆ ಓಡಿರ್ತಾರೆ. ಇವತ್ತು ಇವರಿಗೆ ವೈಶಾಖ, ನಮಗೆ ಇನ್ನೂ ಚೈತ್ರ ಕಣಪ್ಪ. ಮದುವೆ ಮುಂದಿನ ತಿಂಗಳು."

ನಾನೂ ಕುಕ್ಕರಿಸಿದೆ.

"ತಾರೀಕು ಬರೀಬಾರದಿತ್ತೇನೇ, ಕವಯಿತ್ರಿ?"

"ಬರೆದಿದ್ದೆ ಬಾವ! ಕೇಳು: ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮೇ ಹದಿನೇಳು, ಪಕ್ಕದ ಹರಿಶ್ಚಂದ್ರ ಘಾಟಿಗಿಳಿದರೆ ನಿಮ್ಮ ಗೋಳು. ಅಮ್ಮ ಎರಡೂ ಸಾಲು ಹೊಡೆದು ಹಾಕಿಸಿದ್ಲು."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮದುವೆ ಕರೆಯೋಲೇಲಿ ಸ್ಮಶಾನದ ಹೆಸರಾ? ನಿಮಗೆಲ್ಲ ಬುದ್ಧಿ ಇದೆಯಾ?"

"ಮನೆ ನಡೀತಿರೋದೇ ಆ ಘಾಟಿಂದ," ಎಂದು ಮಾವ ಪಂಚಾಂಗಕ್ಕೆ ಹೇಳಿದರು.

ಅಷ್ಟರಲ್ಲಿ ನನ್ನ ಫೋನು. ಕಾನಪುರದ ಲೋಕನಾಥ, ಅನ್ವಿತಾಳ ದೊಡ್ಡಪ್ಪನ ಮಗ. "ಸ್ಟೇಷನ್‌ಗೆ ಬಂದೆ ಕಣೋ, ತಾಳಿ ಕಟ್ಟಿ ಆಯ್ತಾ? ಹಾರ ತಂದಿದೀನಿ, ಬಾಡ್ತಾ ಇದೆ."

ಅನ್ವಿತಾ ನಗಲಾರಂಭಿಸಿದಳು. ನಗು ಅರ್ಧಕ್ಕೆ ನಿಂತಿತು. "ಎಲ್ರ ರಜಾನೂ ಇವತ್ತಿಗೇ ಮುಗೀತು. ಅವರೆಲ್ಲ ಬರದಿದ್ರೂ ಪರವಾಗಿಲ್ಲ. ನೀನು ಬರ್ತೀಯಾ?"

ಸಾಹೇಬರ ಮುಖ ನೆನಪಾಯಿತು. ಅದೇ ಮದುವೆಗೆ ಎರಡನೇ ಸಲ ರಜೆ ಕೇಳಿದರೆ, ಅದೇ ಅಜ್ಜಿ ಎರಡನೇ ಸಲ ಸತ್ತಷ್ಟೇ ನಂಬುತ್ತಾರೆ. ಕಣ್ಣು ಉರಿಯುತ್ತಿತ್ತು. ಆಗಲ್ಲ ಎನ್ನುವುದಕ್ಕೆ ಬಾಯಿ ತೆರೆದೆ.

ಅತ್ತೆ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಪಂಚೆ ಅಣ್ಣಂದಲ್ವಾ?" ಎಂದಳು. ಚೀಲದಿಂದ ಅಂಚು ಇಣುಕುತ್ತಿತ್ತು.

ಹಾಳು ಚಾಳಿ. ಎಲ್ಲರ ದನಿಯನ್ನೂ ಅಣಕಿಸುವ ಬಾಯಿ ನನ್ನದು; ಮಾವನದು, ಸಾಹೇಬರದು, ಸ್ಟೇಷನ್ನಿನ ಘೋಷಣೆಯ ಹೆಂಗಸಿನದು. ಅಪ್ಪನದೊಂದು ದನಿಯನ್ನು ಮಾತ್ರ ಎರಡು ವರ್ಷ ಮುಟ್ಟಿರಲಿಲ್ಲ.

"ಶಾಮೂ," ಎಂದೆ, ಮೂಗಿನಿಂದ, ಕೊನೆಗೊಂದು ಕೆಮ್ಮು ಸೇರಿಸಿ. "ಕೂಸನ್ನ ನಾನೇ ಕರ್ಕೊಂಡ್ ಬರ್ತೀನಿ. ನೀ ಸುಮ್ನಿರು."

ಅತ್ತೆ ಲೋಟವನ್ನು ನನ್ನ ಮುಂದಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅಪ್ಪನ ದನಿಯಲ್ಲಿ ಒಪ್ಪಿಕೊಂಡದ್ದನ್ನು ನನ್ನ ದನಿಯಲ್ಲಿ ವಾಪಸು ಪಡೆಯುವುದು ಹೇಗೆ? ರಜೆಯ ಬದಲು ಆಫೀಸಿನ ಜೊತೆಗಾರನ ಪಾಳಿಗಳನ್ನು ನಾನು ಮಾಡಬೇಕು, ಆ ದಿನ ಅವನು ನನ್ನದೊಂದು ಮಾಡಬೇಕು. ಮತ್ತೆ ರಾತ್ರಿಯಿಡೀ ಕೂತು ಬರಬೇಕು, ತಾಳಿ ಕಟ್ಟಿದೊಡನೆ ಹೊರಡಬೇಕು. ಆಗಲಿ.

"ಫೋನ್ ಕೊಡು," ಎಂದು ಅನ್ವಿತಾಳಿಂದ ಕಸಿದುಕೊಂಡೆ. ಅವಳು ಪದ್ಯ ಕಳಿಸಿದ್ದ ಗುಂಪಿಗೇ ಎರಡು ಸಾಲು ಹಾಕಿದೆ:

ಮದುವೆ ಇವತ್ತಲ್ಲ ಮಾರಾಯರೆ, ಮೇ ಹದಿನೇಳು, ಶನಿವಾರ;
ಬಂದವರು ಉಂಡು ಹೋಗಿ, ತಂದವರು ಕಾಪಾಡಿ ಹಾರ.

"ಶನಿವಾರ ಅಂತ ಬೇಡ್ವೋ, ಶನಿ ಹೆಸರು..." ಒಳಗಿನಿಂದ ಅತ್ತೆ.

"ಈ ಸಲ ಹೊಡೆದು ಹಾಕೋದಿಲ್ಲ ಅತ್ತೆ," ಎಂದೆ. ಪಂಚೆಯ ಚೀಲವನ್ನೇ ತಲೆಗಿಟ್ಟುಕೊಂಡು ಜಗಲಿಯ ಮೇಲೆ ಅಡ್ಡಾದೆ.